ಮೂರು ಕಾರ್ಡು, ಕೈಯಲ್ಲಿ 75 ಸಾವಿರ: ಮೊದಲು ಯಾವುದಕ್ಕೆ ಕಟ್ಟಲಿ?

ಬೆಣ್ಣೆದೋಸೆ ಊರಿನವ: ಇನ್ನೆರಡು ತಿಂಗಳಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಬೇಕು. ಸಿಬಿಲ್ ಸ್ಕೋರ್ 718 ಇದೆ, ಒಂದು ಕಂತೂ ತಪ್ಪಿಲ್ಲ. ಮೂರು ಬೇರೆ ಬೇರೆ ಬ್ಯಾಂಕಿನ ಕಾರ್ಡುಗಳಿವೆ. ಮೊದಲನೆಯದು 50 ಸಾವಿರ ಲಿಮಿಟ್, 46 ಸಾವಿರ ಬಾಕಿ. ಎರಡನೆಯದು ಒಂದೂವರೆ ಲಕ್ಷ ಲಿಮಿಟ್, 84 ಸಾವಿರ ಬಳಕೆ. ಮೂರನೆಯದು 2 ಲಕ್ಷ ಲಿಮಿಟ್, 30 ಸಾವಿರ. ಚೀಟಿ ಎತ್ತಿದ 75 ಸಾವಿರ ಕೈಯಲ್ಲಿದೆ. ಸ್ಕೋರ್ ಏರಬೇಕಾದರೆ ಯಾವುದಕ್ಕೆ ಎಷ್ಟು ಕಟ್ಟಬೇಕು? ಇಂಥದ್ದು ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಮಂದಿ: ನೋಡ್ರಿ ಅಣ್ಣಾರ, ಲೆಕ್ಕ ಭಾಳ ಸರಳ ಐತಿ. ಪ್ರತಿ ಕಾರ್ಡಿನ ಬಾಕಿ ಅದರ ಲಿಮಿಟ್ಟಿನ 30 ಪರ್ಸೆಂಟ್ ಕೆಳಗ ಬರಬೇಕು. ಮೊದಲನೇದಕ್ಕ 32 ಸಾವಿರ ಕಟ್ಟರಿ, 14 ಸಾವಿರ ಉಳೀತದ, ಅಂದ್ರ 28 ಪರ್ಸೆಂಟ್. ಉಳದ 43 ಸಾವಿರ ಎರಡನೇದಕ್ಕ ಹಾಕ್ರಿ, ಅಲ್ಲಿ 41 ಸಾವಿರ ಉಳೀತದ, 27 ಪರ್ಸೆಂಟ್ ಆತು. ಮೂರನೇದು ಹೆಂಗೂ 15ರಾಗ ಐತಿ. ಹೋದ ವರ್ಷ ನಾ ಹಿಂಗ ಮಾಡಿದ್ದೆ, ಎರಡು ತಿಂಗಳಿಗೆ ಸ್ಕೋರ್ ಮ್ಯಾಲ ಬಂತು.

ಮಲೆನಾಡ ಮಳೆ: ನಮ್ಮ ಮನೆಯವರಿಗೂ ಹೀಗೇ ಆಗಿತ್ತು. ಕಾರ್ಡ್ ಬಾಕಿ ಜಾಸ್ತಿಯಾದಾಗ ವಸೂಲಿಯವರು ಫೋನ್ ಮಾಡಿ, ಅರ್ಧ ಕಟ್ಟಿ ಸಾಕು, ಮುಗಿಸಿಬಿಡೋಣ ಅಂದರು. ಕಟ್ಟಿದ್ವಿ. ಈಗ ನಾಲ್ಕು ವರ್ಷವಾದರೂ ರಿಪೋರ್ಟಿನಲ್ಲಿ ಸೆಟಲ್ಡ್ ಅಂತಲೇ ಇದೆ, ಕಾರಿನ ಸಾಲಕ್ಕೂ ಬೇಡ ಅಂದರು. ಅಂಥ ಫೋನ್ ಬಂದರೆ ಒಪ್ಪಬೇಡಿ ಸರ್.

ಹಳೇ ಮ್ಯಾನೇಜರ್: ಮಲೆನಾಡಿನ ತಾಯಿ, ನಿಮ್ಮದು ಬೇರೆ ಸಂಕಟ. ಇವರು ಒಂದು ಕಂತೂ ತಪ್ಪಿಸಿಲ್ಲ, ಇವರಿಗೆ ಆ ಫೋನ್ ಬರುವುದಿಲ್ಲ. ನಿಮಗೊಂದು ದಾರಿ ಇದೆ: ಉಳಿದರ್ಧ ಕಟ್ಟುತ್ತೇವೆ, ಖಾತೆ ಪೂರ್ತಿ ಮುಗಿದಿದೆ ಎಂದು ಪತ್ರ ಕೊಡಿ, ರಿಪೋರ್ಟ್ ಬದಲಿಸಿ ಅಂತ ಬ್ಯಾಂಕನ್ನು ಲಿಖಿತವಾಗಿ ಕೇಳಿ. ಒಪ್ಪಿದ ಉದಾಹರಣೆಗಳನ್ನು ನಾನು ನೋಡಿದ್ದೇನೆ.

ಇನ್ನು ದಾವಣಗೆರೆಯವರಿಗೆ. ನಾನು ಸಾಲ ವಿಭಾಗದಲ್ಲೇ ಹೆಚ್ಚು ವರ್ಷ ಕೂತವನು, ನನಗೆ ಕಂಡದ್ದನ್ನು ಹೇಳುತ್ತೇನೆ. ಮೂರೂ ಕಾರ್ಡಿನ ಲಿಮಿಟ್ ಕೂಡಿಸಿದರೆ 4 ಲಕ್ಷ, ಬಾಕಿ ಕೂಡಿಸಿದರೆ 1 ಲಕ್ಷ 60 ಸಾವಿರ. ಒಟ್ಟು ಬಳಕೆ 40 ಪರ್ಸೆಂಟ್. ನಿಮ್ಮ 75 ಸಾವಿರವನ್ನು ಯಾವ ಕಾರ್ಡಿಗೆ ಸುರಿದರೂ ಒಟ್ಟು ಬಾಕಿ 85 ಸಾವಿರಕ್ಕೇ ಇಳಿಯುತ್ತದೆ, ಒಟ್ಟು ಬಳಕೆ 21 ಪರ್ಸೆಂಟ್‌ಗೇ ಬರುತ್ತದೆ. ಹಾಗಾಗಿ ಒಟ್ಟು ಲೆಕ್ಕ ನೋಡಿ ಕಾರ್ಡ್ ಆರಿಸಲಾಗದು. ಆರಿಸಲು ಉಳಿಯುವುದು ಎರಡೇ: ಯಾವ ಕಾರ್ಡು ಒಂಟಿಯಾಗಿ ಕತ್ತಿನವರೆಗೆ ತುಂಬಿದೆ, ಯಾವುದರ ಬಡ್ಡಿ ನಿಮ್ಮನ್ನು ತಿನ್ನುತ್ತಿದೆ. ಮೊದಲ ಕಾರ್ಡು 92 ಪರ್ಸೆಂಟ್ ತುಂಬಿದೆ. ಒಟ್ಟು ಲೆಕ್ಕ ಚೆನ್ನಾಗಿದ್ದರೂ ಇಂಥ ಒಂದು ಕಾರ್ಡು ಸ್ಕೋರನ್ನು ಕೆಳಗೆಳೆಯುತ್ತದೆ, ಅರ್ಜಿ ನೋಡುವ ಅಧಿಕಾರಿಯ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಆದರೆ ಹುಬ್ಬಳ್ಳಿಯವರ ಲೆಕ್ಕಕ್ಕೆ ಹೂಂ ಅನ್ನುವ ಮೊದಲು ಎರಡು ಪ್ರಶ್ನೆ. ಎರಡನೇ ಕಾರ್ಡಿನ 84 ಸಾವಿರದಲ್ಲಿ ಇಎಂಐ ಮಾಡಿಸಿದ್ದು ಇದೆಯೇ? ಮೂರನೆಯದರ 30 ಸಾವಿರ ಹಳೇ ಬಾಕಿಯೋ, ಈ ತಿಂಗಳ ಖರ್ಚೋ? ಸ್ಟೇಟ್‌ಮೆಂಟಿನಲ್ಲಿ Total Amount Due ನೋಡಿ ಹೇಳಬೇಡಿ. Credit Limitನಲ್ಲಿ Available Credit Limit ಕಳೆದು ಎಷ್ಟು ಬರುತ್ತದೋ ಅದನ್ನು ಹೇಳಿ. ಇಎಂಐ ಪಟ್ಟಿ ಸಾಮಾನ್ಯವಾಗಿ ಒಳಪುಟದಲ್ಲಿ ಬೇರೆಯಾಗಿ ಇರುತ್ತದೆ.

ಬೆಣ್ಣೆದೋಸೆ ಊರಿನವ: ಸರ್, ಈಗ ಮೂರೂ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಎರಡನೇ ಕಾರ್ಡಿನ ಮೂರನೇ ಪುಟದಲ್ಲಿ ಸಿಕ್ಕಿತು. ಅಪ್ಪನ ಕಣ್ಣಿನ ಆಪರೇಷನ್ನಿಗೆ ಉಜ್ಜಿದ್ದನ್ನು ಇಎಂಐ ಮಾಡಿಸಿದ್ದೆ, ಅದರ ಅಸಲು ಇನ್ನೂ 60 ಸಾವಿರ ಇದೆ, ಬಡ್ಡಿ ವರ್ಷಕ್ಕೆ 15. ಉಳಿದ 24 ಸಾವಿರ ತಿಂಗಳಿಂದ ತಿಂಗಳಿಗೆ ಉರುಳುತ್ತಿದೆ. ಮೊದಲ ಕಾರ್ಡಿನ 46 ಸಾವಿರವೂ ಹಾಗೇ ಉರುಳುತ್ತಿದೆ, ಎರಡಕ್ಕೂ ತಿಂಗಳಿಗೆ ಮೂರೂವರೆ ಪರ್ಸೆಂಟ್. ಮೂರನೆಯದು ದಿನಸಿ, ಪೆಟ್ರೋಲ್, ಮಗಳ ಫೀಸು. ಸಂಬಳ ಬಂದ ತಕ್ಷಣ ಪೂರ್ತಿ ಕಟ್ಟುತ್ತೇನೆ.

ಜರ್ಸಿ ಕನ್ನಡತಿ: ನಾನು ನ್ಯೂಜೆರ್ಸಿಯಲ್ಲಿರುವುದು. ಇಲ್ಲಿ ನಾವೆಲ್ಲ ಮಾಡುವ ಉಪಾಯ ಹೇಳ್ತೀನಿ. ಸ್ಟೇಟ್‌ಮೆಂಟ್ ತಯಾರಾಗುವ ಎರಡು ಮೂರು ದಿನ ಮೊದಲೇ ಕಟ್ಟಿಬಿಡಿ, ಸ್ಟೇಟ್‌ಮೆಂಟಿನಲ್ಲಿ ಎಷ್ಟು ಬರುತ್ತೋ ಅಷ್ಟೇ ನಿಮ್ಮ ಸಿಬಿಲ್‌ನಂಥ ಸ್ಕೋರ್ ಲೆಕ್ಕ ಇಡುವ ಬ್ಯೂರೋಗೆ ಹೋಗುತ್ತೆ. ಕಟ್ಟೋ ಕಡೇ ದಿನದವರೆಗೆ ಕಾದರೆ, ನೀವು ಪೂರ್ತಿ ಕಟ್ಟೋರಾದರೂ ರಿಪೋರ್ಟಿನಲ್ಲಿ 30 ಸಾವಿರ ಸಾಲ ಅಂತಲೇ ಕಾಣುತ್ತೆ. ನಾನು ಮನೆ ತಗೊಳ್ಳುವಾಗ ಹೀಗೆ ಮಾಡಿ ಒಂದೇ ತಿಂಗಳಲ್ಲಿ ವ್ಯತ್ಯಾಸ ಕಂಡೆ.

ಹಳೇ ಮ್ಯಾನೇಜರ್: ಮೇಡಂ ಹೇಳಿದ ಮೂಲ ಮಾತು ಸರಿ: ಗಡುವಿಗೆ ಮುಂಚೆ ಕಟ್ಟಿದರೂ ರಿಪೋರ್ಟಿನಲ್ಲಿ ಬಾಕಿ ಕಾಣಬಹುದು. ದಿನಾಂಕದ ವಿಷಯ ಮಾತ್ರ ನಮ್ಮಲ್ಲಿ ಬೇರೆ. 2025ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ತಿಂಗಳ 15ಕ್ಕೆ ಮತ್ತು ತಿಂಗಳ ಕೊನೆಗೆ ಇರುವ ಲೆಕ್ಕವನ್ನು ಹದಿನೈದು ದಿನಕ್ಕೊಮ್ಮೆ ಬ್ಯೂರೋಗಳಿಗೆ ಕಳಿಸಬೇಕಾಯಿತು. ಹಾಗಾಗಿ ನಿಮ್ಮ ಬಿಲ್ಲಿನ ದಿನ ಯಾವುದೇ ಇರಲಿ, 15ಕ್ಕೂ ಕೊನೇ ತಾರೀಖಿಗೂ ಮೂರ್ನಾಲ್ಕು ದಿನ ಮುಂಚೆ ಹಣ ಕಾರ್ಡಿಗೆ ಸೇರಿರಲಿ. ಅದು ರಿಪೋರ್ಟಿಗೆ ಇಳಿಯಲು ಮತ್ತೊಂದು ವಾರ, ಹತ್ತು ದಿನ ಹಿಡಿಯುತ್ತದೆ. ನಿಮ್ಮ ಬ್ಯಾಂಕು ಯಾವ ದಿನದ ಲೆಕ್ಕ ಕಳಿಸಿದೆ ಎಂದು ತಿಳಿಯಲು ರಿಪೋರ್ಟಿನಲ್ಲಿ ಆ ಕಾರ್ಡಿನ ಕೆಳಗೆ Date Reported And Certified ಅಂತ ಇರುತ್ತದೆ. ಅದರ ಪಕ್ಕದ Current Balance ಅನ್ನು ಆ ದಿನದ ನಿಮ್ಮ ಖರ್ಚಿನ ಜೊತೆ ಹೋಲಿಸಿ ನೋಡಿ.

ಈಗ ಹಣ. ಹುಬ್ಬಳ್ಳಿಯವರು ಹೇಳಿದಂತೆ ಎರಡನೆಯದಕ್ಕೆ 43 ಸಾವಿರ ಕಟ್ಟಿದರೆ 24 ಸಾವಿರ ಹಳೇ ಬಾಕಿಗೆ ಹೋಗುತ್ತದೆ. ಉಳಿದ 19 ಸಾವಿರ ಇಎಂಐಯನ್ನು ತಾನಾಗಿಯೇ ಕಡಿಮೆ ಮಾಡುವುದಿಲ್ಲ. ಅದು ಕಾರ್ಡಿನಲ್ಲಿ ಹೆಚ್ಚುವರಿ ಜಮೆಯಾಗಿ ಕೂರುತ್ತದೆ, ತಿಂಗಳ ಕಂತು ಬಂದಾಗ ಅದರಿಂದ ಮುರಿದುಕೊಳ್ಳುತ್ತಾರೆ. ಬಡ್ಡಿ ಓಡುತ್ತಲೇ ಇರುತ್ತದೆ. ಇಎಂಐ ಮುಗಿಸಬೇಕಾದರೆ ಕೇಳಿ ಮುಗಿಸಬೇಕು, ಸಾಮಾನ್ಯವಾಗಿ ಪೂರ್ತಿ 60 ಸಾವಿರವನ್ನೂ ಒಟ್ಟಿಗೆ, ಮೇಲೆ ಮುಂಚೆ ಮುಗಿಸಿದ್ದಕ್ಕೆ ಶುಲ್ಕ, ಶುಲ್ಕದ ಮೇಲೆ ಜಿಎಸ್‌ಟಿ.

ಮತ್ತೆ ಬಡ್ಡಿ ನೋಡಿ. ಮೊದಲ ಕಾರ್ಡಿನ 46 ಸಾವಿರಕ್ಕೆ ತಿಂಗಳಿಗೆ 1,610 ಬಡ್ಡಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,900. ಎರಡನೆಯದರ ಉರುಳುವ 24 ಸಾವಿರಕ್ಕೆ ಸುಮಾರು 990. ಅದೇ ಕಾರ್ಡಿನ 60 ಸಾವಿರದ ಇಎಂಐಗೆ ಜಿಎಸ್‌ಟಿ ಸೇರಿ 885. ಅರವತ್ತು ಸಾವಿರ ತಿನ್ನುವುದು ಇಪ್ಪತ್ನಾಲ್ಕು ಸಾವಿರ ತಿನ್ನುವುದಕ್ಕಿಂತ ಕಡಿಮೆ. ಆದ್ದರಿಂದ ಇಎಂಐ ಮುಟ್ಟಬೇಡಿ. 46 ಮತ್ತು 24, ಒಟ್ಟು 70 ಸಾವಿರ, ಎರಡೂ ಉರುಳುವ ಬಾಕಿಯನ್ನು ಬುಡಸಮೇತ ತೆಗೆಯಿರಿ. ಒಂದು ಪಾಲು ಉಳಿಸಿ ಕಟ್ಟಿದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಅದು ಜನಕ್ಕೆ ಗೊತ್ತಾಗುವುದೇ ಇಲ್ಲ. ಮುಂದಿನ ಬಿಲ್ಲಿನಲ್ಲಿ, ನೀವು ಕಟ್ಟುವ ದಿನದವರೆಗಿನ ಬಡ್ಡಿ ಅಂತ ಸಾವಿರದ ಆಸುಪಾಸು ಬರುತ್ತದೆ. ಉಳಿದ 5 ಸಾವಿರ ಅದಕ್ಕಿರಲಿ.

ಆಗ ಮೊದಲ ಕಾರ್ಡು ಸೊನ್ನೆ, ಎರಡನೆಯದು 60 ಸಾವಿರಕ್ಕೆ 40 ಪರ್ಸೆಂಟ್, ಮೂರನೆಯದು 15. ಒಟ್ಟು 90 ಸಾವಿರ, ಇಪ್ಪತ್ತೆರಡೂವರೆ ಪರ್ಸೆಂಟ್. ಇದರ ಮೇಲೆ ಎರಡು ತಿಂಗಳು ದಿನಸಿ, ಪೆಟ್ರೋಲನ್ನು ಕಾರ್ಡಿನಲ್ಲಿ ಉಜ್ಜದೆ ಉಳಿತಾಯ ಖಾತೆಯ ಯುಪಿಐಯಲ್ಲೇ ಕೊಡಿ. ಮೂರನೆಯದೂ ಸೊನ್ನೆಗೆ ಬಂದು ಒಟ್ಟು 15ಕ್ಕೆ ಇಳಿಯುತ್ತದೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಸಿಗುವ ಏಳೂವರೆ ಪರ್ಸೆಂಟ್ ಇದು.

ಹುಬ್ಬಳ್ಳಿ ಮಂದಿ: ಇಎಂಐ ಮಾತು ನನಗ ಗೊತ್ತಿರಲಿಲ್ರಿ ಸರ್, ನನ್ನ ಕಾರ್ಡಿನ್ಯಾಗ ಅದು ಇರಲಿಲ್ಲ. ಆದ್ರ ಎರಡನೇದು 40ರಾಗ ನಿಂತ್ರ 30ರ ನಿಯಮ ಮುರದಂಗ ಆಗ್ತದಲ್ರಿ?

ಹಳೇ ಮ್ಯಾನೇಜರ್: 30 ಅನ್ನುವುದು ಗೆರೆಯಲ್ಲ, ಅಂದಾಜು. ಬಳಕೆ 31 ಆದರೆ ಸ್ಕೋರ್ ಬೀಳುವುದೂ ಇಲ್ಲ, 29 ಆದರೆ ಏರುವುದೂ ಇಲ್ಲ. ಕಡಿಮೆಯಾದಷ್ಟೂ ಒಳ್ಳೆಯದು. ಎರಡನೆಯದು ಹೇಗೂ ತಿಂಗಳು ತಿಂಗಳು ಕಂತಿನ ಜೊತೆ ತಾನೇ ಇಳಿಯುತ್ತದೆ.

ಮಂಗ್ಳೂರು ಅಕ್ಕ: ಬಾಕಿ ಮುಗಿದ ಮೇಲೆ ಆ ಮೊದಲ ಕಾರ್ಡು ಕ್ಯಾನ್ಸಲ್ ಮಾಡಿಸಿಬಿಡಿ ಅಂತ ನನ್ನ ಅಭಿಪ್ರಾಯ. ಚಿಕ್ಕ ಲಿಮಿಟ್, ಮತ್ತೆ ಮತ್ತೆ ತುಂಬುವುದು ಅದೇ. ಮೂರು ಸಲ ಸೊನ್ನೆ ಮಾಡಿ ಮೂರು ಸಲ ತುಂಬಿಸಿದ ಮೇಲೆ ನಾನು ಮುಚ್ಚಿಸಿದೆ. ಅಂದಿನಿಂದ ನೆಮ್ಮದಿ.

ಹಳೇ ಮ್ಯಾನೇಜರ್: ಅಕ್ಕ, ನಿಮ್ಮ ನೆಮ್ಮದಿಗೆ ಎದುರು ಮಾತಿಲ್ಲ. ಆದರೆ ಇವರು ಈಗ ಮುಚ್ಚಿಸಿದರೆ ಒಟ್ಟು ಲಿಮಿಟ್ 3 ಲಕ್ಷ 50 ಸಾವಿರಕ್ಕೆ ಇಳಿಯುತ್ತದೆ, ಅದೇ 90 ಸಾವಿರ ಬಾಕಿ ಇಪ್ಪತ್ತೆರಡೂವರೆಯ ಬದಲು 26ರ ಹತ್ತಿರ ಕಾಣುತ್ತದೆ. ಸಾಲ ಮಂಜೂರಾಗುವವರೆಗೆ ತೆರೆದೇ ಇರಲಿ. ಆಮೇಲೆ ಬೇಕಾದರೆ ಮುಚ್ಚಿಸಲಿ. ಬಾಕಿಯಿಲ್ಲದ ಕಾರ್ಡು ಮುಚ್ಚಲು ಕೇಳಿದ ಮೇಲೆ ಬ್ಯಾಂಕಿಗೆ ಏಳು ಕೆಲಸದ ದಿನ, ಮೀರಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಮಂಗ್ಳೂರು ಅಕ್ಕ: ಎರಡು ತಿಂಗಳು ಕೈ ತಡೆದುಕೊಂಡರೆ ಸರಿ. ತಡೆಯುವುದಿಲ್ಲ ಅಂತ ಗೊತ್ತಿದ್ದವರು ಆ ಮೂರು ಚಿಲ್ಲರೆ ಪರ್ಸೆಂಟ್ ಬಿಟ್ಟುಕೊಡುವುದೇ ಮೇಲು ಅಂತ ನಾನು ಈಗಲೂ ಹೇಳ್ತೇನೆ.

ಜರ್ಸಿ ಕನ್ನಡತಿ: ಲಿಮಿಟ್ ಹೆಚ್ಚಿಸಿ ಅಂತ ಬ್ಯಾಂಕನ್ನು ಕೇಳಬಹುದಲ್ವಾ? ಬಾಕಿ ಅಷ್ಟೇ ಇದ್ದು ಲಿಮಿಟ್ ಏರಿದರೂ ಪರ್ಸೆಂಟ್ ಇಳಿಯುತ್ತೆ.

ಹಳೇ ಮ್ಯಾನೇಜರ್: ಆಪ್‌ನಲ್ಲಿ ಬ್ಯಾಂಕೇ ಮುಂದಾಗಿ ತೋರಿಸಿದ್ದರೆ ಒಪ್ಪಿಕೊಳ್ಳಲಿ. ತಾವಾಗಿ ಕೇಳಿದರೆ ಕೆಲವರು ರಿಪೋರ್ಟ್ ತರಿಸುತ್ತಾರೆ, ಆ ವಿಚಾರಣೆ ದಾಖಲಾಗುತ್ತದೆ. ಮನೆ ಸಾಲದ ಹೊಸ್ತಿಲಲ್ಲಿ ಅದು ಬೇಡ.

ಬೆಣ್ಣೆದೋಸೆ ಊರಿನವ: ಎಲ್ಲರಿಗೂ ಏನಾಯಿತು ಅಂತ ಹೇಳಬೇಕಿತ್ತು. 11ನೇ ತಾರೀಖು ಎರಡೂ ಕಾರ್ಡಿಗೆ 70 ಸಾವಿರ ಕಟ್ಟಿದೆ. ಮುಂದಿನ ಬಿಲ್ಲಿನಲ್ಲಿ ಸರ್ ಹೇಳಿದ ಹಾಗೇ ಬಡ್ಡಿ ಬಂತು, ಎರಡೂ ಸೇರಿ 1,340. ಅದನ್ನೂ ಅವತ್ತೇ ಮುಗಿಸಿದೆ. 27ಕ್ಕೆ ರಿಪೋರ್ಟ್ ತೆಗೆದೆ. ಮೊದಲ ಕಾರ್ಡಿನ ಎದುರು ಸೊನ್ನೆ, ಎರಡನೆಯದರ ಎದುರು 60 ಸಾವಿರದ ಚಿಲ್ಲರೆ, ಸ್ಕೋರ್ 739. ಮೂರನೆಯದು ಮಾತ್ರ ಇನ್ನೂ 28 ಸಾವಿರ ತೋರಿಸುತ್ತಿದೆ. ಯುಪಿಐಗೆ ಬದಲಾಗಿ ಮೂರು ವಾರವಾಯಿತು, ಹಳೇ ಬಿಲ್ಲೂ ಕಟ್ಟಿ ಆಗಿದೆ. Date Reported ನೋಡಿದರೆ ಹೋದ ತಿಂಗಳ ಕೊನೇ ತಾರೀಖೇ ಇದೆ.

ಹಳೇ ಮ್ಯಾನೇಜರ್: ಹಾಗಾದರೆ ಆ ಬ್ಯಾಂಕಿನ 15ರ ಲೆಕ್ಕ ಇನ್ನೂ ಬಂದಿಲ್ಲ. ತಿಂಗಳ ಕೊನೆಯದು ಬರುವವರೆಗೆ ಹತ್ತು ಹನ್ನೆರಡು ದಿನ ಕಾಯಿರಿ. ಆಗಲೂ ಹಳೇದೇ ಇದ್ದರೆ ಸಿಬಿಲ್ ಜಾಲತಾಣದಲ್ಲೇ ತಕರಾರು ದಾಖಲಿಸಿ, ಕಟ್ಟಿದ ರಸೀದಿ ಇಟ್ಟುಕೊಂಡಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವಿದೆ. ಅರ್ಜಿಯನ್ನು ಮಾತ್ರ ಅದು ಸರಿಯಾದ ಮೇಲೇ ಹಾಕಿ.

ಹುಬ್ಬಳ್ಳಿ ಮಂದಿ: ಅಣ್ಣಾರ, ನನಗೊಂದು ಡೌಟ್ ಐತ್ರಿ. ಒಂದೇ ಬ್ಯಾಂಕಿನ ಎರಡು ಕಾರ್ಡ್ ಅದಾವು, ಎರಡಕ್ಕೂ ಸೇರಿ ಒಂದೇ 1 ಲಕ್ಷ ಲಿಮಿಟ್. ರಿಪೋರ್ಟಿನ್ಯಾಗ ಎರಡರ ಎದುರೂ 1 ಲಕ್ಷ ಅಂತ ಐತಿ. ಇದನ್ನ ಒಟ್ಟಿನ್ಯಾಗ ಒಂದು ಲಕ್ಷ ಅಂತ ಹಿಡೀಲಿ, ಎರಡು ಲಕ್ಷ ಅಂತ ಹಿಡೀಲಿ? ಇಂಥದ್ದು ಯಾರದರ ಐತೇನ್ರಿ?