ಏಣಿ ಹತ್ತುವಾಗ ಎರಡೂ ಕೈಗಳು ಒಂದೇ ಮೆಟ್ಟಿಲನ್ನು ಹಿಡಿಯುತ್ತಿವೆ (ಯೂನಿಟಿ, ಹ್ಯೂಮನಾಯ್ಡ್ ರಿಗ್)

ಘಟಪ್ರಭಾ_ದಂಡೆ, ಬಾಗಲಕೋಟೆ

ಮೂರು ರಾತ್ರಿಗಳಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೇನೆ. ನನ್ನ ಆಟದಲ್ಲಿ ಹುಡುಗನೊಬ್ಬ ಊರಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯನ್ನು ಹತ್ತಬೇಕು. ಆರಂಭದಲ್ಲಿ ಸರಿಯಾಗಿಯೇ ಹತ್ತುತ್ತಾನೆ. ಅನಿಮೇಷನ್ ಎರಡು ಸುತ್ತು ಮುಗಿಯುವಷ್ಟರಲ್ಲಿ ಅವನ ಎಡಗೈ ಮೇಲಿನ ಮೆಟ್ಟಿಲಿಗೆ ಹೋಗುವ ಬದಲು ಬಲಗೈ ಹಿಡಿದಿರುವ ಮೆಟ್ಟಿಲಿಗೇ ಬಂದು ಅಂಟಿಕೊಳ್ಳುತ್ತದೆ. ಪ್ರತಿ ಫ್ರೇಮಿನಲ್ಲೂ ಕೈಗೆ ಅತಿ ಹತ್ತಿರದ ಮೆಟ್ಟಿಲನ್ನು ಹುಡುಕಿ `SetIKPosition`ಗೆ ಕೊಡುತ್ತಿದ್ದೇನೆ. ಒಂದು ಸುತ್ತಿಗೆ ಎರಡು ಮೆಟ್ಟಿಲು, ಕ್ಲಿಪ್ 1.2 ಸೆಕೆಂಡ್, ವೇಗ ಸೆಕೆಂಡಿಗೆ 0.5 ಮೀಟರ್, ಮೆಟ್ಟಿಲುಗಳ ಅಂತರ 0.3 ಮೀಟರ್. ಲೆಕ್ಕದಲ್ಲಿ ತಪ್ಪಿಲ್ಲ.

ಕುಂದಾ_ಕೋಡರ್, ಬೆಳಗಾವಿ

ದೇಹವನ್ನು `FixedUpdate`ನಲ್ಲಿ ಮೇಲೆತ್ತುತ್ತಿದ್ದೀರಿ ಎಂದು ಪಂಥ ಕಟ್ಟುತ್ತೇನೆ. ಐಕೆ ನಡೆಯುವುದು ಅನಿಮೇಟರಿನ ಸರದಿಯಲ್ಲಿ, ಆದ್ದರಿಂದ ಎರಡಕ್ಕೂ ತಾಳ ತಪ್ಪುತ್ತದೆ. ದೇಹದ ಚಲನೆಯನ್ನು `Update`ಗೆ ತನ್ನಿರಿ.

ಗುಮ್ಮಟ_ನೆರಳು, ವಿಜಯಪುರ

ನನಗೂ ಇದೇ ಆಗಿತ್ತು. ಕೋಟೆಯ ಸವೆದ ಕಲ್ಲಿನ ಮೆಟ್ಟಿಲುಗಳ ಮೇಲೆ ಪಾದಗಳು ಹೂತುಹೋಗುತ್ತಿದ್ದವು. ಪ್ರತಿ ಪಾದದಿಂದ ಕೆಳಕ್ಕೆ ರೇಕಾಸ್ಟ್ ಬಿಟ್ಟು, ತಗುಲಿದ ಜಾಗಕ್ಕೆ ಪಾದವನ್ನು ಇಟ್ಟ ಮೇಲೆ ಸರಿಹೋಯಿತು.

ಘಟಪ್ರಭಾ_ದಂಡೆ

ಸರ್, ನಿಮ್ಮದು ನಡೆಯುವ ಮೆಟ್ಟಿಲು, ನನ್ನದು ನೆಟ್ಟಗೆ ನಿಂತ ಏಣಿ. ಕೆಳಕ್ಕೆ ಬಿಟ್ಟ ಕಿರಣ ಸಣ್ಣ ಸರಳುಗಳ ನಡುವೆ ತೂರಿ ನೆಲವನ್ನು ಮುಟ್ಟುತ್ತದೆ. ಕುಂದಾ ಅವರು ಹೇಳಿದಂತೆ `Update`ಗೆ ಬದಲಿಸಿದೆ. ಬೆರಳುಗಳ ಸಣ್ಣ ನಡುಕ ನಿಂತಿತು, ಆದರೆ ಕೈಗಳು ಜೊತೆಯಾಗುವುದು ಹಾಗೆಯೇ ಇದೆ.

ಕುಂದಾ_ಕೋಡರ್

ನಡುಕ ನಿಂತಿತಲ್ಲ, ಅಂದರೆ ನಾನು ಹೇಳಿದ್ದೇ ಸರಿ. ಉಳಿದದ್ದು ಇಂಟರ್‌ಪೊಲೇಷನ್ ಇರಬೇಕು, ಅದನ್ನೂ ನೋಡಿರಿ.

ಮೂಳೆ_ಮಾಸ್ತರ, ಬೆಳಗಾವಿ

ಸರದಿಯ ದೋಷವಾಗಿದ್ದರೆ ತಪ್ಪು ಮೊದಲ ಮೆಟ್ಟಿಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಇರುತ್ತಿತ್ತು. ಇವರದು ಹತ್ತಿದಂತೆಲ್ಲ ಬೆಳೆಯುತ್ತಿದೆ. ಬೆಳೆಯುವ ತಪ್ಪು ಅಳತೆಯದು. ದೃಶ್ಯದಲ್ಲಿ ಆ ಏಣಿಯ ಸ್ಕೇಲ್ ಎಷ್ಟಿದೆ?

ಘಟಪ್ರಭಾ_ದಂಡೆ

ವೈ ದಿಕ್ಕಿನಲ್ಲಿ 1.15. ಏಣಿ ಟ್ಯಾಂಕಿನ ತುದಿಗೆ ಎಟುಕುತ್ತಿರಲಿಲ್ಲ, ಅದಕ್ಕೆ ಸ್ವಲ್ಪ ಎಳೆದಿದ್ದೆ. ಇದನ್ನು ಹೇಳಬೇಕೆಂದೇ ಹೊಳೆಯಲಿಲ್ಲ.

ಮೂಳೆ_ಮಾಸ್ತರ

ರೋಗ ಅಲ್ಲಿಯೇ ಇದೆ. ಎಳೆದ ಏಣಿಯಲ್ಲಿ ಅಂತರ 0.345 ಮೀಟರ್. ಒಂದು ಸುತ್ತಿಗೆ ದೇಹ 0.60 ಮೀಟರ್ ಏರಿದರೆ ಏಣಿ 0.69 ಕೇಳುತ್ತದೆ. ಮೊದಲ ಸುತ್ತಿನ 9 ಸೆಂಟಿಮೀಟರ್ ಕೊರತೆಯನ್ನು ಐಕೆ ಕೈಯನ್ನು ಎಳೆದು ಮುಚ್ಚಿಹಾಕುತ್ತದೆ, ಆದ್ದರಿಂದ ನಿಮಗೆ ಕಾಣಲಿಲ್ಲ. ಎರಡನೆಯ ಸುತ್ತಿಗೆ ಅದು 18 ಆಗುತ್ತದೆ. ಅಂತರದ ಅರ್ಧವಾದ 17.25ನ್ನು ದಾಟಿದ ಕೂಡಲೇ "ಅತಿ ಹತ್ತಿರದ ಮೆಟ್ಟಿಲು" ಎಂಬುದು ಕೆಳಗಿನದಾಗುತ್ತದೆ, ಅಲ್ಲಿ ಬಲಗೈ ಮೊದಲೇ ಕುಳಿತಿರುತ್ತದೆ.

ವೇಗವನ್ನು 0.575 ಮಾಡಿದರೆ ಈ ಏಣಿಗೆ ಸರಿಹೋಗುತ್ತದೆ, ಆದರೆ ಮುಂದಿನ ಏಣಿಗೆ ಮತ್ತೆ ಇದೇ ಗೋಳು. ಅನಿಮೇಷನ್ ತನ್ನ ಗಡಿಯಾರದಲ್ಲಿ ಓಡುವುದನ್ನೇ ನಿಲ್ಲಿಸಿ, ಎತ್ತರ ಅದನ್ನು ಓಡಿಸಲಿ. ಹತ್ತುವ ಸ್ಟೇಟಿನಲ್ಲಿ `Motion Time`ಗೆ ಒಂದು ಪ್ಯಾರಾಮೀಟರ್ ಕೊಡಿರಿ. ಕೆಳಗೆ `h` ಎಂದರೆ ಏಣಿಯ ಗುಂಟ ಏರಿದ ದೂರ, `first` ಎಂದರೆ `h` ಸೊನ್ನೆಯಿದ್ದಾಗ ಎಡಗೈಗೆ ಸೇರಿದ ಮೆಟ್ಟಿಲಿನ ಸಂಖ್ಯೆ. `gap` ಅನ್ನು ದೃಶ್ಯದಲ್ಲಿರುವ ಎರಡು ಮೆಟ್ಟಿಲುಗಳ ನಡುವೆಯೇ ಅಳೆಯಿರಿ.

```
float c = h / (2f * gap);
animator.SetFloat("ClimbPhase", Mathf.Repeat(c, 1f));
int left  = first + 2 * Mathf.FloorToInt(c);
int right = first + 1 + 2 * Mathf.FloorToInt(c - 0.5f);
```

ಕೈ ಯಾವ ಮೆಟ್ಟಿಲನ್ನು ಹಿಡಿಯಬೇಕೆಂಬುದು ಈಗ ಎತ್ತರದಿಂದಲೇ ನಿರ್ಧಾರವಾಗುತ್ತದೆ, ಹುಡುಕಾಟ ಬೇಕಿಲ್ಲ. ಒಂದು ಎಚ್ಚರಿಕೆ: ಕ್ಲಿಪ್ಪಿನ ಆರಂಭ ಎಡಗೈ ಗಾಳಿಯಲ್ಲಿರುವ ಕ್ಷಣಕ್ಕೆ, ನಡುಭಾಗ ಬಲಗೈ ಗಾಳಿಯಲ್ಲಿರುವ ಕ್ಷಣಕ್ಕೆ ಬೀಳಬೇಕು. ಸಂಖ್ಯೆ ಬದಲಾಗುವುದು ಆಗಲೇ. ಆ ಹೊತ್ತಿಗೆ ಆ ಕೈಯ ಐಕೆ ತೂಕ ಸೊನ್ನೆಯಾಗಿದ್ದರೆ ಜಿಗಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾದಗಳಿಗೂ ಇದೇ ಲೆಕ್ಕ, `first` ಮಾತ್ರ ಕೆಳಗಿನದು. ಗುರಿ ತಗುಲುವುದು ಮಣಿಕಟ್ಟಿಗೆ, ಅಂಗೈಗೆ ಅಲ್ಲ. ಅಷ್ಟು ದೂರ ಹಿಂದಕ್ಕೆ ಸರಿಸದಿದ್ದರೆ ಸರಳು ಮಣಿಕಟ್ಟನ್ನು ತೂರಿ ಹೊರಬರುತ್ತದೆ.

ಘಟಪ್ರಭಾ_ದಂಡೆ

ಕೊನೆಯ ಮೆಟ್ಟಿಲಿನವರೆಗೂ ಹತ್ತಿದ, ಇಳಿಯುವುದೂ ತಾನಾಗಿಯೇ ಬಂತು. ಆದರೆ ಆಟಗಾರ ನಡುವೆ ಕೀ ಬಿಟ್ಟರೆ ಹುಡುಗ ಒಂದು ಕೈಯನ್ನು ಗಾಳಿಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಾನೆ.

ಮೂಳೆ_ಮಾಸ್ತರ

ಎರಡೂ ಕೈ ಹಿಡಿತದಲ್ಲಿರುವ ಹಂತ ಬರುವವರೆಗೆ ದೇಹವನ್ನು ತಾನಾಗಿ ಸರಿಯಲು ಬಿಡಿರಿ.

ಕುಂದಾ_ಕೋಡರ್

ಅದನ್ನು ನಾನು ಒಪ್ಪುವುದಿಲ್ಲ. ಕೀ ಬಿಟ್ಟ ಮೇಲೂ ಹುಡುಗ ಏರಿದರೆ ಆಟಗಾರನಿಗೆ ಜಾರಿದಂತೆ ಅನಿಸುತ್ತದೆ. ದೇಹ ನಿಲ್ಲಲಿ, ಕೈ ಮಾತ್ರ ಹತ್ತಿರದ ಮೆಟ್ಟಿಲಿಗೆ ಹೋಗಲಿ.

ಮೂಳೆ_ಮಾಸ್ತರ

ಹಾಗೆ ಮಾಡಿದರೆ ಮತ್ತೆ ಹೊರಡುವಾಗ ಕೈ ಇರುವ ಜಾಗಕ್ಕೂ ಹಂತಕ್ಕೂ ಹೊಂದುವುದಿಲ್ಲ, ಅದನ್ನು ಬ್ಲೆಂಡ್ ಮಾಡಬೇಕಾಗುತ್ತದೆ.

ಘಟಪ್ರಭಾ_ದಂಡೆ

ಭಾನುವಾರ ಎರಡನ್ನೂ ಮಾಡಿ ನೋಡಿ ವಿಡಿಯೊ ಹಾಕುತ್ತೇನೆ.