ಹಲಸಿನ ಹಣ್ಣಿನ ನಾರು ಹೆಂಗ ತಗಿಯೂದು, ರಸ ಎಷ್ಟು ಬತ್ತಿಸೂದು?

ಪ್ರಶ್ನೆ (ಧಾರವಾಡದಿಂದ): ನಮ್ಮ ಮಾವಾರು ಯಲ್ಲಾಪುರದಿಂದ ಹಲಸಿನ ಹಣ್ಣು ತಂದಿದ್ರು, ಮೆತ್ತಗ ಜಾರೂ ಜಾತಿದು. ತೊಳಿ ಬಿಡಿಸಿ ಮಿಕ್ಸರ್‌ಗೆ ಹಾಕಿ ಪಾಯಸ ಮಾಡಿದೆ, ಬಾಯಾಗ ಬರೇ ನಾರು. ಮ್ಯಾಲೆ ಹಾಲು ಹಾಕಿದ ಕೂಡ್ಲೆ ಒಡದುಹೋತು. ಇನ್ನೂ ಅರ್ಧ ಹಣ್ಣಿನ ತೊಳಿ ಫ್ರಿಜ್‌ನ್ಯಾಗ ಅದಾವ, ಕಡುಬೂ ಮಾಡ್ಬೇಕಂತ ಅದ. ಅಡಗಿ ಕೆಲಸದವ್ರು ಯಾರರ ಹೇಳ್ರಿ.

ಅಡಗಿಯವರು (ಹುಬ್ಬಳ್ಳಿ, ಮದಿವಿ-ಮುಂಜಿವಿ ಅಡಗಿ ಮಾಡ್ತೀನಿ): ಅಕ್ಕಾರ, ಉಳಿದಿದ್ದನ್ನ ಮಿಕ್ಸರ್‌ಗೆ ಹಾಕಬ್ಯಾಡ್ರಿ. ಮೆತ್ತನ್ನ ಹಣ್ಣಿನ್ಯಾಗ ನಾರು ಉದ್ದುದ್ದ ಇರ್ತದ, ಮಿಕ್ಸರ್ ಒಂದಿಷ್ಟು ಬ್ಲೇಡಿಗೆ ಸುತ್ತತದ, ಉಳಿದಿದ್ದನ್ನ ಸಣ್ಣ ಸಣ್ಣ ಕತ್ತರಿಸಿಬಿಡ್ತದ, ಆಮ್ಯಾಲೆ ಅದು ಜರಡಿ ತೂತಿನ್ಯಾಗ ರಸದ ಜೋಡಿ ಇಳದ ಹೋಗ್ತದ. ನಾರು ಉದ್ದ ಇದ್ದಾಗನ ಹಿಡೀಬೇಕು.

ಕೈಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಬೀಜ ತಗೀರಿ, ಬೀಜದ ಮ್ಯಾಲಿನ ಬಿಳೆ ಸಿಪ್ಪಿನೂ ರಸದಾಗ ಬಿಡಬ್ಯಾಡ್ರಿ. ತೂತು ದೊಡ್ಡದಿರೂ ಸ್ಟೀಲ್ ಜರಡಿಯೊಳಗ ಸ್ವಲ್ಪ ಸ್ವಲ್ಪ ತೊಳಿ ಹಾಕಿ ಅಂಗೈಲೆ ಗೋಲಾಗಿ ತಿಕ್ಕರಿ. ರಸ ಕೆಳಗ ಇಳಿತದ, ಮ್ಯಾಲೆ ನಾರು ಹತ್ತಿ ಉಂಡಿ ಹಂಗ ಕೂಡತದ, ಅದನ್ನ ಹಿಂಡಿ ಒಗೀರಿ. ಗಟ್ಟಿ ತೊಳಿಯ ಬಕ್ಕೆ ಹಣ್ಣಾದ್ರ ಈ ಆಟ ನಡಿಯೂದಿಲ್ಲ, ಅದನ್ನ ಹೆಚ್ಚಿ ಚೂರು ನೀರು ಹಾಕಿ ಕುಕ್ಕರ್‌ನ್ಯಾಗ 2 ಸೀಟಿ ಕೂಗಿಸಿ ಆಮ್ಯಾಲೆ ರುಬ್ಬಬೇಕು, ಬೆಲ್ಲ ಮೊದಲ ಹಾಕಿದ್ರ ಬಕ್ಕೆ ಮೆತ್ತಗ ಆಗೂದ ಇಲ್ಲ.

ಗದಗದಿಂದ ಒಬ್ಬರು: ನಾನು ಅರ್ಧ ತಂಬಿಗಿ ನೀರು ಹಾಕಿ ಕಲಸಿ ಸೋಸ್ತೀನ್ರಿ, ಐದು ನಿಮಿಷದಾಗ ಮುಗಿತೈತಿ.

ಅಡಗಿಯವರು: ಸೋಸಾಕ ಸರಳ ಆಗ್ತದ ಖರೆ. ಆದ್ರ ಹಾಕಿದಷ್ಟೂ ನೀರು ಮತ್ತ ಒಲಿ ಮ್ಯಾಲೆ ಆರಬೇಕಲ್ರಿ, ಅಷ್ಟೊತ್ತಿಗೆ ಹಣ್ಣಿನ ವಾಸನಿ ಅರ್ಧ ಹೋಗಿರ್ತದ. ಕಡುಬಿಗಂತೂ ಬ್ಯಾಡ.

ಪಾಯಸಕ್ಕ ಸೋಸಿದ ರಸ 2 ವಾಟಿ ತಗೋರಿ, ದಪ್ಪ ತಳದ ಪಾತೇಲಿಯೊಳಗ ಒಂದು ಚಮಚ ತುಪ್ಪ ಹಾಕಿ ಸಣ್ಣ ಉರಿ ಮ್ಯಾಲೆ ಬತ್ತಿಸ್ರಿ. ಮೊದಲ ನೊರಿ ಬರ್ತದ, ಆಮ್ಯಾಲೆ ಕೈಗೆ ಮಾರಿಗೆ ಸಿಡಿತದ, ಅದಕ್ಕ ಉದ್ದನ್ನ ಹಿಡಿ ಸೌಟು ಇಟ್ಕೋರಿ. ಸೌಟಿನ್ಲೆ ತಳ ಗೀರಿದ್ರ ಗೆರಿ ಒಂದು ಗಳಿಗಿ ಹಂಗ ನಿಂತು ಆಮ್ಯಾಲೆ ಮುಚ್ಚಬೇಕು. ಒಂದು ಹನಿ ತಾಟಿನ ಮ್ಯಾಲೆ ಹಾಕಿದ್ರ ಸುತ್ತ ನೀರು ಬಿಡಬಾರದು. ಹಂಗಾದಾಗ ಹತ್ತಿರ ಹತ್ತಿರ 1 ವಾಟಿ ಉಳದಿರ್ತದ. ಆವಾಗ ಮುಕ್ಕಾಲು ವಾಟಿ ಬೆಲ್ಲ ಹಾಕ್ರಿ, ಮತ್ತ ತೆಳ್ಳಗ ಆಗ್ತದ, ಅಂಜಬ್ಯಾಡ್ರಿ, ಆದ್ರ ಇಲ್ಲಿಂದ ಕೈ ಬಿಟ್ರ ತಳ ಹಿಡಿತದ.

ಹಾಲು ಒಡದದ್ದು ಹಣ್ಣಿನ ಹುಳಿಗೆ, ಬೆಲ್ಲಕ್ಕ, ಕುದಿಯೂ ಬಿಸಿಗೆ. ತೆಂಗಿನ ಹಾಲು ಹಾಕ್ರಿ. ಎರಡನೇ ಸಲ ಹಿಂಡಿದ ತೆಳ್ಳನ್ನ ಹಾಲು 2 ವಾಟಿ ಹಾಕಿ ಒಂದು ಕುದಿ ಬರಸ್ರಿ, ಒಲಿ ಆರಿಸಿ ಮೊದಲನೇ ದಪ್ಪ ಹಾಲು 1 ವಾಟಿ ಹಾಕ್ರಿ, ಮತ್ತ ಕುದಸಬ್ಯಾಡ್ರಿ. ಆಕಳ ಹಾಲ ಬೇಕಂದ್ರ ಕಾಸಿ ಆರಿಸಿ, ಪಾಯಸನೂ ಉಗುರುಬೆಚ್ಚಗಾದ ಮ್ಯಾಲೆ ಕೂಡಸ್ರಿ. ಆದ್ರೂ ಒಮ್ಮೊಮ್ಮೆ ಒಡಿತದ, ಊಟಕ್ಕ ಮಂದಿ ಬರೂರಿದ್ರ ನಾ ಹಾಕೂದಿಲ್ಲ.

ಹಾವೇರಿಯಿಂದ: ನಾವೂ ಹಪ್ಪಳ ಮಾಡಿದ್ವಿರಿ, ಒಣಗಲೇ ಇಲ್ಲ, ಬರೇ ಅಂಟು ಅಂಟು. ಇದನ್ನೂ ಹಿಂಗ ಬತ್ತಿಸಬೇಕೇನ್ರಿ?

ಅಡಗಿಯವರು: ಹಪ್ಪಳಕ್ಕ ಬಲಿತ ಕಾಯಿ ಬೇಕ್ರಿ. ಹಣ್ಣಾಗಿದ್ರ ಸಿಹಿ ಬಂದಿರ್ತದ, ಗರಿಗರಿ ಆಗೂದಿಲ್ಲ.

ಕೇಳಿದವರು: ಅಣ್ಣಾರ, ಜರಡಿ ಮ್ಯಾಲೆ ತಿಕ್ಕಿದೆ, ಮುಷ್ಟಿ ತುಂಬ ನಾರು ಬಂತು! ಪಾಯಸ ಭಾಳ ಛೊಲೊ ಆತು. ಆದ್ರ ಕಡುಬು, 2 ವಾಟಿ ರಸಕ್ಕ 1 ವಾಟಿ ಅಕ್ಕಿ ರವಾ, ಅರ್ಧ ವಾಟಿ ಬೆಲ್ಲ ಹಾಕಿದ್ದೆ, 20 ನಿಮಿಷ ಬೇಯಿಸಿದ್ರೂ ನಡುವ ಅಂಟಂಟು.

ಅಡಗಿಯವರು: ಕಲಸಿದ ಕೂಡ್ಲೆ ಬೇಯಾಕ ಇಟ್ರೇನು? ರವಾ ರಸ ಕುಡಿಯಾಕ ಅರ್ಧ ತಾಸು ಬಿಡಬೇಕು. ಬಾಳಿ ಎಲಿ ಒಳಗ ಕಟ್ಟಿದ್ರ 30 ನಿಮಿಷ ಬೇಕ. ಮತ್ತ ಬಿಸಿ ಇದ್ದಾಗ ಈ ಕಡುಬು ಅಂಟತದ, ಆರಿದ ಮ್ಯಾಲೆ ಕತ್ತರಿಸಿ ನೋಡ್ರಿ. ಆವಾಗೂ ಚಾಕುಗೆ ಮೆತ್ತಿದ್ರ ರಸ ತೆಳ್ಳಗಿತ್ತಂತ ತಿಳೀರಿ, ಮುಂದಿನ ಸಲ ಕಾಲು ಭಾಗ ಕಡಿಮಿ ಆಗೂತನಕ ಬತ್ತಿಸಿ, ಪೂರ್ತಿ ಆರಿಸಿ ರವಾ ಹಾಕ್ರಿ. ಬಿಸಿ ರಸಕ್ಕ ಹಾಕಿದ್ರ ಗಂಟು ಕಟ್ಟತದ.

ಇನ್ನೊಬ್ಬರು (ತವರು ಶಿರಸಿ, ಈಗ ಹುಬ್ಬಳ್ಳಿ): ಕಡುಬಿಗೆ ರಸ ಬತ್ತಿಸೋದನ್ನ ನಾನು ಒಪ್ಪಲ್ಲ. ನಮ್ಮಮ್ಮ ಹಸಿ ರಸಕ್ಕೇ ನೆನೆಸಿದ ಅಕ್ಕಿ ಹಾಕಿ ತರಿತರಿಯಾಗಿ ರುಬ್ತಿದ್ರು, ನೀರು ಒಂದು ಹನಿನೂ ಇಲ್ಲ. ತೆಳ್ಳಗಾದ್ರೆ ಒಂದು ಹಿಡಿ ಅಕ್ಕಿ ಜಾಸ್ತಿ. ಬತ್ತಿಸಿದ ಕಡುಬಿಗೆ ಹಲ್ವಾ ವಾಸನೆ ಬರುತ್ತೆ, ಹಣ್ಣಿಂದು ಬರಲ್ಲ.

ಅಡಗಿಯವರು: ವಾಸನಿ ಮಾತು ಖರೆ ಅದ ಅಕ್ಕಾರ. ಆದ್ರ ಅಕ್ಕಿ ಜಾಸ್ತಿ ಆದ್ರ ಮರುದಿನ ಬಿರುಸಾಗ್ತದ, ನನಗ ಇನ್ನೂರು ಮಂದಿಗೆ ಹಿಂದಿನ ದಿನ ಮಾಡಿಡೂದಿರ್ತದ.

ಕೇಳಿದವರು: ಫ್ರಿಜ್‌ನ್ಯಾಗ ಇನ್ನ 2 ವಾಟಿ ರಸ ಅದ. ಒಂದು ವಾಟಿ ಬತ್ತಿಸಿ, ಒಂದು ಹಂಗ ಹಸಿದು, ಎರಡೂ ಮಾಡಿ ನೋಡ್ತೀನಿ.