ಮನೆಗೆಲ್ಲ ಫೋನಿನದೇ ಇಂಟರ್‌ನೆಟ್: ಫೋನ್ ಮಹಡಿಯಲ್ಲಿರಬೇಕೋ, ಅಡುಗೆಮನೆಯಲ್ಲೋ?

ಫೋಂಡಾದಿಂದ ಕೇಳಿದವರು: ಫೋಂಡಾ ಹತ್ತಿರದ ಹಳ್ಳಿಯಲ್ಲಿ ಚಿರೆಕಲ್ಲಿನ ಹಳೆಯ ಮನೆ, ಬಾಡಿಗೆಗೆ ಬಂದು ನಾಲ್ಕು ತಿಂಗಳಾಯಿತು. ನಮ್ಮ ಓಣಿಗೆ ಇಂಟರ್‌ನೆಟ್ ಕೇಬಲ್ ಬಂದಿಲ್ಲ. ನನ್ನ ಕಚೇರಿ ಕೆಲಸ, ಮಗನ ಪಾಠ ಎರಡೂ ಫೋನಿನ ಹಾಟ್‌ಸ್ಪಾಟ್‌ನಲ್ಲೇ ನಡೆಯಬೇಕು. ಸಿಗ್ನಲ್ ಮಲಗುವ ಕೋಣೆಯಲ್ಲಿ ಒಂದು ಕಡ್ಡಿ, ಅಡುಗೆಮನೆಯಲ್ಲಿ ಎರಡು, ಮಹಡಿಯ ಬಾಲ್ಕನಿಯಲ್ಲಿ ನಾಲ್ಕೂ ಇರುತ್ತದೆ. ಆದರೆ ಬಾಲ್ಕನಿಯಲ್ಲಿಟ್ಟರೂ ಮೀಟಿಂಗ್ ತುಂಡು ತುಂಡಾಗುತ್ತದೆ. ರಾತ್ರಿ ಎಂಟರ ನಂತರವಂತೂ ಏನೂ ತೆರೆಯುವುದಿಲ್ಲ. ಬೂಸ್ಟರ್ ಕೊಳ್ಳಲೇ?

ವಾಸ್ಕೊದಿಂದ: ಬಾಲ್ಕನಿಯೇ ಸರಿಯಾದ ಜಾಗ, ಅನುಮಾನವೇ ಬೇಡ. ಎತ್ತರಕ್ಕೆ ಹೋದಷ್ಟೂ ಸಿಗ್ನಲ್. ನಮ್ಮ ಕಟ್ಟಡದಲ್ಲಿ ಫೋನನ್ನು ಮೂರನೆಯ ಮಹಡಿಯ ಕಿಟಕಿಗೆ ಕಟ್ಟಿ ಎರಡು ವರ್ಷ ಸಂಸಾರ ನಡೆಸಿದ್ದೇನೆ. ಕೆಳಗೆ ಸಾಲದಿದ್ದರೆ ಬೂಸ್ಟರ್ ತೆಗೆದುಕೊಳ್ಳಿ, ಆನ್‌ಲೈನಿನಲ್ಲಿ ಸಿಗುತ್ತದೆ.

ಡೊಂಬಿವಲಿಯಿಂದ: ನನ್ನದೂ ಇದೇ ಗೋಳು, ಸ್ವಲ್ಪ ಬೇರೆ ಬಗೆಯದು. ಫೋನನ್ನು ಪಶ್ಚಿಮದ ಕಿಟಕಿಯಲ್ಲಿ ಚಾರ್ಜರಿಗೆ ಹಾಕಿ ಇಡೀ ಬೇಸಿಗೆ ಬಿಟ್ಟಿದ್ದೆ. ಮೇ ತಿಂಗಳಲ್ಲಿ ನೋಡಿದರೆ ಹಿಂಬದಿಯ ಮುಚ್ಚಳ ಎದ್ದು ನಿಂತಿದೆ, ಒಳಗೆ ಬ್ಯಾಟರಿ ಹಪ್ಪಳದಂತೆ ಉಬ್ಬಿದೆ. ಈಗ ಬಿಸಿಲು ಬೀಳದ ಜಾಗದಲ್ಲಿ, ಕವಚ ತೆಗೆದು, ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಹಾಕಿ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ, ಗೊತ್ತು. ಆದರೂ ಬಾಲ್ಕನಿ ಎಂದ ಕೂಡಲೇ ಹೇಳಬೇಕೆನಿಸಿತು.

ಪುಣೆಯ ಕಾತ್ರಜ್‌ನಿಂದ: ಕೆಲವು ವರ್ಷ ಟವರ್ ಸಿಗ್ನಲ್ ಅಳೆಯುತ್ತ ಊರೂರು ಸುತ್ತಿದವನು ನಾನು. ಮೊದಲು ಬೂಸ್ಟರ್ ವಿಷಯ: ಅನುಮತಿಯಿಲ್ಲದೆ ಅದನ್ನು ಮನೆಯಲ್ಲಿ ಹಾಕುವುದು ಕಾನೂನುಬಾಹಿರ. ಮೇಲಾಗಿ ಅದು ಟವರಿನ ಕಿವಿಗೆ ಗದ್ದಲ ತುಂಬಿ ಅಕ್ಕಪಕ್ಕದವರ ಫೋನನ್ನೂ ಕೆಡಿಸುತ್ತದೆ. ಬೇಡ.

ವಾಸ್ಕೊದವರು ಹೇಳಿದ್ದು ಅರ್ಧ ನಿಜ. ಎತ್ತರದಲ್ಲಿ ಸಿಗ್ನಲ್ ಜೋರಾಗಿ ಕೇಳಿಸುತ್ತದೆ, ಆದರೆ ಎಲ್ಲ ಟವರುಗಳೂ ಜೋರಾಗಿ ಕೇಳಿಸುತ್ತವೆ. 4ಜಿಯಲ್ಲಿ ಒಂದೇ ಕಂಪನಿಯ ಅಕ್ಕಪಕ್ಕದ ಟವರುಗಳು ಸಾಮಾನ್ಯವಾಗಿ ಒಂದೇ ತರಂಗಾಂತರದಲ್ಲಿ ಮಾತನಾಡುತ್ತವೆ. ಜಾತ್ರೆಯಲ್ಲಿ ಎರಡು ಧ್ವನಿವರ್ಧಕಗಳ ನಡುವೆ ನಿಂತವನಿಗೆ ಎರಡೂ ಕೇಳಿಸುತ್ತವೆ, ಒಂದೂ ಅರ್ಥವಾಗುವುದಿಲ್ಲ. ಕಡ್ಡಿಗಳು ಸದ್ದೆಷ್ಟು ಎಂದು ಹೇಳುತ್ತವೆಯೇ ಹೊರತು ಮಾತು ತಿಳಿಯಿತೇ ಎಂದು ಹೇಳುವುದಿಲ್ಲ.

ಆಂಡ್ರಾಯ್ಡ್ ಫೋನಾದರೆ NetMonster ಎಂಬ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಮೂರನ್ನು ಮಾತ್ರ ನೋಡಿ. RSRP ಸಿಗ್ನಲ್ಲಿನ ಸದ್ದು: -85 ಚೆನ್ನಾಗಿದೆ, -100 ಕೆಲಸಕ್ಕೆ ಸಾಕು, -115 ದಾಟಿದರೆ ಆಸೆ ಬಿಡಿ. SNR ಮಾತಿನ ಸ್ಪಷ್ಟತೆ: ಹತ್ತಕ್ಕಿಂತ ಮೇಲಿದ್ದರೆ ನೆಮ್ಮದಿ, ಸೊನ್ನೆಯ ಹತ್ತಿರವಿದ್ದರೆ ಕಷ್ಟ. ಕೆಲವು ಫೋನುಗಳು ಇದನ್ನು ತೋರಿಸುವುದೇ ಇಲ್ಲ, ಆಗ ವೇಗ ಪರೀಕ್ಷೆಯೇ ಗತಿ. PCI ಎಂದರೆ ಫೋನ್ ಈಗ ಹಿಡಿದಿರುವ ಟವರಿನ ಮುಖ. ಈ ಸಂಖ್ಯೆ ಪದೇ ಪದೇ ಬದಲಾಗುತ್ತಿದ್ದರೆ ಫೋನ್ ಟವರಿನಿಂದ ಟವರಿಗೆ ಹಾರುತ್ತಿದೆ ಎಂದರ್ಥ. ಒಂದೊಂದು ಜಾಗದಲ್ಲೂ ಫೋನನ್ನು ಕೈಯಲ್ಲಿ ಹಿಡಿಯದೆ ಕೆಳಗಿಟ್ಟು, ಐದು ನಿಮಿಷ ಬಿಟ್ಟು ಬರೆದುಕೊಳ್ಳಿ. ಹಾಗೆಯೇ ಎಂಟು ಗಂಟೆಯ ನಂತರ ವೇಗ ಏರಿಳಿಯುತ್ತದೆಯೇ, ಇಲ್ಲ ಒಂದೇ ಅಂಕಿಯಲ್ಲಿ ಕೂತಿರುತ್ತದೆಯೇ ಎಂದು ತಿಳಿಸಿ.

ಫೋಂಡಾದಿಂದ: ಅಳೆದೆ. ಮಲಗುವ ಕೋಣೆ -116. ಬಾಲ್ಕನಿ -86, SNR 2, PCI ಐದು ನಿಮಿಷದಲ್ಲಿ ನಾಲ್ಕು ಬಾರಿ ಬದಲಾಯಿತು, ವೇಗ 4ರಿಂದ 11 ಎಂಬಿಪಿಎಸ್. ಅಡುಗೆಮನೆಯಲ್ಲಿ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿ: -97, SNR 15, PCI ಅಲ್ಲಾಡಲೇ ಇಲ್ಲ, ವೇಗ 28! ನಂಬಲಾಗದೆ ಮೂರು ಸಲ ನೋಡಿದೆ. ಕಿಟಕಿಯ ಎದುರಿಗೆ ಗುಡ್ಡದ ಟವರ್ ಇದೆ, ಮನೆಯ ಬೆನ್ನಿಗೆ ಹೆದ್ದಾರಿಯದು. ರಾತ್ರಿ ಏರಿಳಿತವೇನೂ ಇಲ್ಲ, ಸತ್ತ ಹಾಗಿರುತ್ತದೆ. ಹನ್ನೆರಡು ದಾಟಿದ ಮೇಲೆ ಜೀವ ಬರುತ್ತದೆ.

ಕಾತ್ರಜ್‌ನಿಂದ: ಹಾಗಾದರೆ ನಿಮ್ಮ ಚಿರೆಕಲ್ಲಿನ ಗೋಡೆಯೇ ನಿಮಗೆ ಉಪಕಾರಿ. ಹೆದ್ದಾರಿಯ ಟವರನ್ನು ಅದು ಬೆನ್ನ ಹಿಂದೆಯೇ ತಡೆದಿದೆ, ಕಿಟಕಿಗೆ ಗುಡ್ಡದ ದನಿಯೊಂದೇ ಬರುತ್ತಿದೆ. ಫೋನ್ ಅಲ್ಲೇ ಇರಲಿ, ನೀರು ಸಿಡಿಯದ ಹಾಗೆ ನೋಡಿಕೊಳ್ಳಿ.

ರಾತ್ರಿಯದು ಟವರಿನ ದೋಷವಲ್ಲ. ಟವರಿನಲ್ಲಿ ಜನ ಹೆಚ್ಚಾದರೆ ವೇಗ ಕುಣಿಯುತ್ತದೆ. ಒಂದೇ ಮಟ್ಟದಲ್ಲಿ ಬಿದ್ದುಕೊಂಡು ಮಧ್ಯರಾತ್ರಿ ಏಳುವುದು ದಿನದ ಡೇಟಾ ಮುಗಿದ ಲಕ್ಷಣ. ಮುಗಿದ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಸುತ್ತಾರೆ. ನಿಮ್ಮದು "5ಜಿ ಅನಿಯಮಿತ" ಯೋಜನೆಯೇ? ಅನಿಯಮಿತವೆಂಬುದು ಫೋನ್ 5ಜಿ ಹಿಡಿದಿರುವಾಗ ಮಾತ್ರ. 4ಜಿಗೆ ಬಿದ್ದ ಕ್ಷಣದಿಂದ ದಿನದ ಪಾಲಿನಿಂದ ಕಳೆಯುತ್ತದೆ.

ಫೋಂಡಾದಿಂದ: ಅಯ್ಯೋ, ಅದೇ! ದಿನಕ್ಕೆ 2 ಜಿಬಿ. ಮನೆಯೊಳಗೆ 5ಜಿ ಬರುವುದೇ ಇಲ್ಲ. ಇಷ್ಟು ದಿನ ಟವರಿಗೆ ಶಾಪ ಹಾಕಿದೆ. ಈಗ ಇನ್ನೊಂದು ಪ್ರಶ್ನೆ. ಫೋನ್ ಅಡುಗೆಮನೆಯಲ್ಲಿದ್ದರೆ ಮಲಗುವ ಕೋಣೆಯ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ತಲುಪುತ್ತದೆಯೇ? ನಡುವೆ ಎರಡು ಗೋಡೆಗಳಿವೆ.

ವಾಸ್ಕೊದಿಂದ: ಅದಕ್ಕೇ ಹೇಳಿದ್ದು, ಮಹಡಿಯಿಂದ ಕೆಳಕ್ಕೆ ಸುಲಭ, ಗೋಡೆ ದಾಟುವುದು ಕಷ್ಟ.

ಕಾತ್ರಜ್‌ನಿಂದ: ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ 2.4ಕ್ಕೆ ಬದಲಿಸಿ. ವೇಗ ತುಸು ಕಡಿಮೆ, ಗೋಡೆಯೊಳಗೆ ನುಗ್ಗುವುದು ಹೆಚ್ಚು. ತಲುಪಿತೇ ಇಲ್ಲವೇ ಎಂದು ಊಹಿಸುವುದು ಬೇಡ. ವಿಂಡೋಸ್ ಆದರೆ ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಕೊಟ್ಟು Default Gateway ಎದುರಿನ ಸಂಖ್ಯೆ ನೋಡಿ, ಅದು ನಿಮ್ಮ ಫೋನಿನದೇ ವಿಳಾಸ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನ ಎರಡು ವಿಂಡೋ ತೆರೆದು, ಮೊದಲನೆಯ ಸಾಲಿನಲ್ಲಿ ನಿಮ್ಮ ಸಂಖ್ಯೆ ಹಾಕಿ, ಒಂದೊಂದರಲ್ಲಿ ಒಂದೊಂದು ಓಡಿಸಿ:

```
ping -t 192.168.43.1
ping -t 8.8.8.8
```

ಮೊದಲನೆಯದು ಫೋನಿನವರೆಗಿನ ದಾರಿ, ಎರಡನೆಯದು ಟವರ್ ದಾಟಿದ ದಾರಿ. ಮೊದಲನೆಯದು ಕೆಲವೇ ಮಿಲಿಸೆಕೆಂಡಿನಲ್ಲಿ ಸಮನಾಗಿದ್ದು ಎರಡನೆಯದು ಮಾತ್ರ ನೂರಾರಕ್ಕೆ ಜಿಗಿದರೆ ತೊಂದರೆ ಟವರಿನ ಕಡೆಯದು. ಎರಡೂ ಒಟ್ಟಿಗೆ ಜಿಗಿದರೆ ನಿಮ್ಮ ಗೋಡೆಯದು.

ಫೋಂಡಾದಿಂದ, ಹತ್ತು ದಿನದ ನಂತರ: 2.4ಕ್ಕೆ ಬದಲಿಸಿದೆ. ಫೋನಿನವರೆಗೆ 4ರಿಂದ 9 ಮಿಲಿಸೆಕೆಂಡ್, ಮೀಟಿಂಗ್ ತುಂಡಾಗುವುದು ನಿಂತಿತು. ಮಧ್ಯಾಹ್ನ ಊಟ ಬಿಸಿ ಮಾಡಲು ಮೈಕ್ರೋವೇವ್ ಹಾಕಿದಾಗ ಮಾತ್ರ ಎರಡೂ ಒಟ್ಟಿಗೆ ಜಿಗಿಯುತ್ತವೆ. ಅದೂ 2.4ರಲ್ಲೇ ಗದ್ದಲ ಎಬ್ಬಿಸುತ್ತದಂತೆ, ಮಗ ಹೇಳಿದ. ಮೀಟಿಂಗ್ ಮುಗಿಯುವವರೆಗೆ ಈಗ ತಣ್ಣನೆಯ ಊಟ. ಡೇಟಾಕ್ಕೆ ಹೆಚ್ಚಿನ ಪ್ಯಾಕ್ ಹಾಕಿಕೊಂಡೆ.

ಆದರೆ ಗುರುವಾರ ಮಳೆಗೆ ಕರೆಂಟ್ ಹೋಗಿ ಮೂರು ಗಂಟೆಯಾದ ಮೇಲೆ ಅಡುಗೆಮನೆಯಲ್ಲಿ ಸಿಗ್ನಲ್ಲೇ ಇಲ್ಲ. ಗುಡ್ಡದ ಟವರಿನ ಬ್ಯಾಟರಿ ಮುಗಿದಿರಬೇಕು. ಬಾಲ್ಕನಿಗೆ ಹೋದರೆ ಹೆದ್ದಾರಿಯ PCI ಒಂದೇ ನಿಂತಿದೆ, SNR 13.

ವಾಸ್ಕೊದಿಂದ: ನಾನು ಮೊದಲೇ ಹೇಳಿದ್ದೆನಲ್ಲ, ಬಾಲ್ಕನಿ ಎಂದು.